ಬಿಳಿ ಕುಪ್ಯದ ಮೇಲೆ ಹಸಿರು ಚೌಕ: ಗ್ರಾಫಿಕ್ಸ್ ಕಾರ್ಡ್ ಬದಲಿಸಿಕೊಳ್ಳಲು ನಾನು ಬರೆದ ಮೇಲ್

ಮಡಿಕೇರಿಯಲ್ಲಿ ಮದುವೆ ವಿಡಿಯೊ ಎಡಿಟಿಂಗ್ ನನ್ನ ಕೆಲಸ. ಏಪ್ರಿಲ್, ಮೇ ತಿಂಗಳ ಮದುವೆಗಳ ಎಡಿಟಿಂಗ್ ಮಳೆಗಾಲದಲ್ಲೂ ನಡೆಯುತ್ತಿರುತ್ತದೆ. ಅದಕ್ಕೆಂದೇ ಬೆಂಗಳೂರಿನ ಒಂದು ಅಂಗಡಿಯಿಂದ ಹೊಸ ಗ್ರಾಫಿಕ್ಸ್ ಕಾರ್ಡ್ ತರಿಸಿದ್ದೆ. ನಾಲ್ಕನೇ ದಿನ, ಕೊಡವ ಮದುಮಗನ ಬಿಳಿ ಕುಪ್ಯದ, ಅಂದರೆ ಉದ್ದ ನಿಲುವಂಗಿಯ ಮೇಲೆ ಸಣ್ಣ ಸಣ್ಣ ಹಸಿರು ಚೌಕಗಳು ಕಾಣಿಸಿದವು. ಸಾಲಾಗಿ, ಒಂದೇ ಅಂತರದಲ್ಲಿ. ಫೈಲ್ ಕೆಟ್ಟಿರಬೇಕು ಅಂದುಕೊಂಡು ವಿಡಿಯೊ ಮುಚ್ಚಿದೆ. ಡೆಸ್ಕ್‌ಟಾಪ್ ಮೇಲೂ ಅವೇ ಚೌಕಗಳು.

ಗಾಬರಿಯಲ್ಲಿ ಆಗಲೇ ಅಂಗಡಿಗೆ ಮೇಲ್ ಹಾಕಿದೆ: ‘ಕಾರ್ಡ್ ಸರಿ ಇಲ್ಲ, ಸ್ಕ್ರೀನ್ ಮೇಲೆ ಚುಕ್ಕಿ ಬರ್ತಿದೆ, ಬದಲಾಯಿಸಿ ಕೊಡಿ.’ ಮಾರನೆ ದಿನ ಉತ್ತರ ಬಂತು. ಡ್ರೈವರ್ ಹೊಸದಾಗಿ ಹಾಕಿ, ಕೇಬಲ್ ಬದಲಿಸಿ ನೋಡಿ ಅಂತ. ಅವರ ಮಾತಲ್ಲಿ ತಪ್ಪಿರಲಿಲ್ಲ. ಇಂಥ ಚೌಕ, ಗೆರೆಗಳು ಡ್ರೈವರ್‌ನಿಂದಲೂ ಬರಬಹುದು, ಕಾರ್ಡಿನ ಮೆಮೊರಿ ಕೆಟ್ಟರೂ ಬರಬಹುದು. ಯಾವುದು ಅಂತ ಹೇಳುವಂಥದ್ದು ನನ್ನ ಮೇಲ್‌ನಲ್ಲಿ ಏನೂ ಇರಲಿಲ್ಲ. ಬದಲಿ ಕೇಳಲು ಅಂಗಡಿ ಕೊಟ್ಟಿದ್ದು 10 ದಿನ. ಅದು ದಾಟಿದರೆ ಕಂಪನಿಯ ಸರ್ವಿಸ್ ಸೆಂಟರಿಗೆ ಕಳಿಸಿ ರಿಪೇರಿಗೆ ಕಾಯಬೇಕು.

ಆ ಸಂಜೆ ಕೂತು ಒಂದೊಂದೇ ಅನುಮಾನ ಬಿಡಿಸಿದೆ. ಮೊದಲು ಡ್ರೈವರ್. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಡಿಲೀಟ್ ಕೀ ಒತ್ತಿ ಬಯೋಸ್ ಪರದೆಗೆ ಹೋದೆ. ಅಲ್ಲಿ ವಿಂಡೋಸ್ ಇನ್ನೂ ಶುರುವಾಗಿರುವುದಿಲ್ಲ, ಅದರ ಡ್ರೈವರ್ ಕೂಡ ಇರುವುದಿಲ್ಲ. ಆ ಪರದೆ ಮೇಲೂ ಚೌಕಗಳಿದ್ದವು, ಅಕ್ಷರಗಳು ಅರ್ಧರ್ಧ ಮುರಿದಿದ್ದವು. ಇಲ್ಲಿ ಸ್ಕ್ರೀನ್‌ಶಾಟ್ ಸಾಲದು. ಪವರ್ ಬಟನ್ ಒತ್ತುವಲ್ಲಿಂದ ಫೋನಿನಲ್ಲಿ ಒಂದೇ ವಿಡಿಯೊ ತೆಗೆದೆ, ಎಲ್ಲೂ ಕತ್ತರಿಸಲಿಲ್ಲ. ಆಗಷ್ಟೇ ಆನ್ ಮಾಡಿದ ಯಂತ್ರವಾದ್ದರಿಂದ ಬಿಸಿಯಾಗಿ ಹೀಗಾಗಿದೆ ಅನ್ನುವ ಮಾತೂ ಬರಲಿಲ್ಲ.

ಆಮೇಲೆ ಕಾರ್ಡ್ ತೆಗೆದು, ಅದೇ ಮಾನಿಟರನ್ನು ಅದೇ ಕೇಬಲ್‌ನಲ್ಲಿ ಮದರ್‌ಬೋರ್ಡಿನ ಪೋರ್ಟಿಗೆ ಹಾಕಿದೆ. ಪರದೆ ಶುಭ್ರವಾಗಿತ್ತು. (ಪ್ರೊಸೆಸರ್‌ನಲ್ಲೇ ಗ್ರಾಫಿಕ್ಸ್ ಇದ್ದರೆ ಮಾತ್ರ ಇದು ಆಗುತ್ತದೆ.) ಉಳಿದದ್ದು ನನ್ನ ಮದರ್‌ಬೋರ್ಡ್, ಪವರ್ ಸಪ್ಲೈ. ಕಾರ್ಡ್ ಹಿಡಿದುಕೊಂಡು ಕುಶಾಲನಗರದ ಗೆಳೆಯನ ಮನೆಗೆ ಹೋದೆ. ಅವನ ಕಂಪ್ಯೂಟರಿನಲ್ಲೂ ಅದೇ ಚೌಕ. ‘ಇನ್ನೇನು ಬೇಕು ಮಾರಾಯ, ಇದನ್ನೇ ಬರಿ’ ಅಂದ.

ಹೊಸ ಮೇಲ್ ಶುರು ಮಾಡಲಿಲ್ಲ, ಮೊದಲನೆಯದಕ್ಕೇ ಉತ್ತರವಾಗಿ ಬರೆದೆ. ನಾಲ್ಕನೇ ದಿನವೇ ತಿಳಿಸಿದ್ದೇನೆ ಅನ್ನುವುದಕ್ಕೆ ಅದೇ ಸಾಕ್ಷಿ ಅಲ್ವಾ? ಸಬ್ಜೆಕ್ಟ್‌ನಲ್ಲಿ ಆರ್ಡರ್ ಸಂಖ್ಯೆ, ಕಾರ್ಡಿನ ಮಾಡೆಲ್, ‘ಬದಲಿ ಕಾರ್ಡ್ ಕೋರಿಕೆ’ ಇಷ್ಟೇ. ಒಳಗೆ ಹೀಗಿತ್ತು:

‘ನಮಸ್ಕಾರ. ಈ ಆರ್ಡರಿನ ಕಾರ್ಡ್ ಕೈಸೇರಿದ ನಾಲ್ಕನೇ ದಿನದಿಂದ ಪರದೆಯ ಮೇಲೆ ಹಸಿರು ಚೌಕಗಳು ಬರುತ್ತಿವೆ. ನೀವು ಹೇಳಿದಂತೆ ಡ್ರೈವರ್ ತೆಗೆದು ಹೊಸದಾಗಿ ಹಾಕಿದೆ, ಕೇಬಲ್ ಬದಲಿಸಿದೆ, ಹೋಗಲಿಲ್ಲ. ಬಯೋಸ್ ಪರದೆಯಲ್ಲೂ ಬರುತ್ತವೆ, ವಿಡಿಯೊ ಲಿಂಕ್ ಕೆಳಗಿದೆ. ಕಾರ್ಡ್ ತೆಗೆದರೆ ಅದೇ ಮಾನಿಟರ್ ಸರಿಯಾಗಿದೆ. ಇನ್ನೊಂದು ಕಂಪ್ಯೂಟರಿನಲ್ಲೂ ಇದೇ ತೊಂದರೆ ಇದೆ. ನನ್ನ ಪವರ್ ಸಪ್ಲೈ 650 ವ್ಯಾಟ್, ಯುಪಿಎಸ್ ಮೇಲೆ ನಡೆಯುತ್ತದೆ. ಬಿಲ್, ಸೀರಿಯಲ್ ನಂಬರಿನ ಸ್ಟಿಕ್ಕರ್, ಕಾರ್ಡಿನ ಎರಡೂ ಬದಿಯ ಫೋಟೊ ಲಗತ್ತಿಸಿದ್ದೇನೆ. ನಿಮ್ಮ 10 ದಿನದ ನಿಯಮದಂತೆ ಬದಲಿ ಕಾರ್ಡ್ ಕೊಡಿ, ರಿಪೇರಿ ಬೇಡ. ಮಡಿಕೇರಿಯಿಂದ ಕೊರಿಯರ್‌ನಲ್ಲಿ ತರಿಸಿಕೊಳ್ಳುವ ಏರ್ಪಾಡು ಯಾವಾಗ ಅಂತ ತಿಳಿಸಿ.’

ಯುಪಿಎಸ್ ವಿಷಯ ಬೇಕಂತಲೇ ಬರೆದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋಗಿ ಬರುವುದು ಎಲ್ಲರಿಗೂ ಗೊತ್ತು. ಅದರ ಮೇಲೆ ಹಾಕಲು ದಾರಿ ಬಿಡಬಾರದು ಅನಿಸಿತು. ಫೋಟೊ ಕೂಡ ಅದಕ್ಕೇ. ಸ್ಲಾಟಿಗೆ ಕೂರುವ ಚಿನ್ನದ ಬಣ್ಣದ ಅಂಚು ಸುಟ್ಟಿಲ್ಲ, ಗೀರಿಲ್ಲ ಅಂತ ಹತ್ತಿರದಿಂದ ತೆಗೆದೆ. ವಿಡಿಯೊ ದೊಡ್ಡದಿತ್ತು. ಲಗತ್ತಿಸಿದರೆ ಮೇಲ್ ಹೋಗುವುದಿಲ್ಲ, ಹಾಗಾಗಿ ಲಿಂಕ್ ಕೊಟ್ಟು, ಲಾಗಿನ್ ಇಲ್ಲದೆ ತೆರೆಯುತ್ತದಾ ಅಂತ ಗೆಳೆಯನ ಫೋನಿನಲ್ಲಿ ನೋಡಿಕೊಂಡೆ.

ಎರಡು ದಿನ ಕಾದು ಫೋನ್ ಮಾಡೋಣ ಅಂತಿದ್ದೆ. ಅಷ್ಟರಲ್ಲಿ ಉತ್ತರ ಬಂತು, ಒಪ್ಪಿದ್ದರು. ಒಂದು ವೇಳೆ ಒಪ್ಪದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡುವವನಿದ್ದೆ. ಆನ್‌ಲೈನ್ ಮಾರಾಟಗಾರರು ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ತಿಳಿಸಬೇಕು ಅಂತ 2020ರ ಇ-ಕಾಮರ್ಸ್ ನಿಯಮ ಹೇಳುತ್ತದೆ. ಮೊದಲ ಮೇಲ್‌ನಲ್ಲೇ ಅದನ್ನು ಎತ್ತಿ ಹೆದರಿಸುವುದು ನನಗೆ ಸರಿ ಕಾಣಲಿಲ್ಲ.

ಕಾರ್ಡನ್ನು ಅದರದೇ ಆಂಟಿಸ್ಟ್ಯಾಟಿಕ್ ಕವರಿಗೆ ಹಾಕಿ, ಡಬ್ಬಿಗೆ ಎರಡು ಸುತ್ತು ಪ್ಲಾಸ್ಟಿಕ್ ಸುತ್ತಿದೆ. ಆ ಮಳೆಯಲ್ಲಿ ರಟ್ಟು ನೆನೆಯದೆ ಇರುತ್ತದಾ? ಸೀರಿಯಲ್ ನಂಬರ್ ಕಾಣುವಂತೆ ಪ್ಯಾಕ್ ಮಾಡುವುದನ್ನೂ ವಿಡಿಯೊ ತೆಗೆದೆ. ಬದಲಿ ಕಾರ್ಡ್ ಬಂದ ದಿನ, ಡಬ್ಬಿ ಬಿಚ್ಚುವಲ್ಲಿಂದ ಬಯೋಸ್ ಪರದೆಯವರೆಗೆ ಮತ್ತೊಂದು ವಿಡಿಯೊ ತೆಗೆದಿಟ್ಟೆ. ಈ ಸಲ ಅಕ್ಷರಗಳು ಒಂದೂ ಮುರಿದಿರಲಿಲ್ಲ.