ತಮಿಳು ಸಂಗಾತಿಗೆ ಬೆಳಿಗ್ಗೆ, ರಾತ್ರಿ ಏನು ಬರೆಯಬೇಕು?

'ಕಾಲೈ ವಣಕ್ಕಂ' ತಪ್ಪಲ್ಲ, ಆದರೆ ನಮ್ಮ 'ಶುಭೋದಯ'ದ ಹಾಗೆ ವೇದಿಕೆ ಭಾಷೆ. ಸಂಗಾತಿಗೆ ಅದನ್ನು ಕಳಿಸಿದರೆ ವಾರ್ತೆ ಓದಿದಂತಿರುತ್ತೆ. ಮನೆಮಾತಲ್ಲಿ ಕೇಳೋದು 'ಎಳುಂದುಟ್ಟಿಯಾ?', ಅಂದರೆ 'ಎದ್ದ್ಯಾ?'. ಹಿಂದೆಯೇ 'ನಲ್ಲಾ ತೂಂಗುನಿಯಾ?', ಚೆನ್ನಾಗಿ ನಿದ್ದೆ ಮಾಡಿದ್ಯಾ ಅಂತ. ಇಂಗ್ಲಿಷ್ ಅಕ್ಷರದಲ್ಲಾದರೆ ezhundhuttiya. ಆ 'zh' ನಮ್ಮ ಹಳಗನ್ನಡದ ೞಕಾರವೇ.

ರಾತ್ರಿಗೂ 'ಇನಿಯ ಇರವು' ಬೇಡ, ಅದು ಶುಭಾಶಯ ಪತ್ರದ ಮಾತು. 'ಸರಿ, ತೂಂಗು. ಕಾಲೈಲ ಪೇಸಲಾಂ' ಸಾಕು: 'ಸರಿ, ಮಲಗು. ಬೆಳಿಗ್ಗೆ ಮಾತಾಡೋಣ'.

ಒಂದೇ ಎಚ್ಚರ. ಇವೆಲ್ಲ ಏಕವಚನ. ನೀವಿಬ್ಬರೂ 'ನೀಂಗ' ಅನ್ನುವವರಾದರೆ 'ಎಳುಂದುಟ್ಟೀಂಗಳಾ?', 'ತೂಂಗುಂಗ' ಆಗಬೇಕು. ಅವರು ನಿಮಗೆ ಹೇಗೆ ಬರೀತಾರೆ ನೋಡಿ, ಹಾಗೇ ಬರೀರಿ. ಒಂದೇ ಮೆಸೇಜಲ್ಲಿ ಎರಡನ್ನೂ ಬೆರೆಸಿದರೆ ನಗ್ತಾರೆ (ನನಗೆ ನಕ್ಕಿದ್ದಾರೆ).