ಮೇಳದಲ್ಲಿ ಸಿಕ್ಕವರ ಹೆಸರು ಮರುದಿನವೂ ನೆನಪಿರಬೇಕಾ?

ಜಿಕೆವಿಕೆಯ ಕೃಷಿ ಮೇಳದಂಥ ಕಡೆ ಒಂದು ದಿನ ಸುತ್ತಿದರೆ ಸಾಕು, ಹತ್ತಾರು ಜನ ಪರಿಚಯವಾಗುತ್ತಾರೆ. ಮರುದಿನ ಫೋನ್ ತೆಗೆದರೆ ಕಾಲ್ ಲಿಸ್ಟ್‌ನಲ್ಲಿ ಹೆಸರಿಲ್ಲದ ಸಾಲು ಸಾಲು ನಂಬರ್. ಗಾಣದ ಎಣ್ಣೆಯವರು ಯಾರು, ಹನಿ ನೀರಾವರಿ ಪೈಪಿನವರು ಯಾರು, ಒಂದೂ ಗೊತ್ತಾಗುವುದಿಲ್ಲ. ಇದಕ್ಕೆ ನೆನಪಿನ ಶಕ್ತಿಯನ್ನು ದೂರುವವರೇ ಜಾಸ್ತಿ. ಆದರೆ ಎಷ್ಟೋ ಸಲ ಹೆಸರು ನಮ್ಮ ತಲೆಯೊಳಗೆ ಹೋಗಿಯೇ ಇರುವುದಿಲ್ಲ.

ಮೊದಲು ಕೇಳಿಸಿಕೊಳ್ಳಿ

ಎಲ್ಲರೂ ಸುತ್ತ ನಿಂತು ಒಬ್ಬೊಬ್ಬರಾಗಿ ಪರಿಚಯ ಹೇಳಿಕೊಳ್ಳುವಾಗ, ನಮಗಿಂತ ಸ್ವಲ್ಪ ಮೊದಲು ಮಾತಾಡಿದವರ ಮಾತೇ ನಮಗೆ ಕಡಿಮೆ ನೆನಪಿರುತ್ತದೆ. 1973ರಲ್ಲೇ ಮನಶ್ಶಾಸ್ತ್ರಜ್ಞರೊಬ್ಬರು ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ಆ ಹೊತ್ತಿಗೆ ನಾವು ಏನು ಹೇಳಬೇಕು ಅಂತ ಯೋಚಿಸುತ್ತಿರುತ್ತೇವೆ, ಅಷ್ಟೇ. ಹಾಗಾಗಿ ನಿಮ್ಮ ಸರದಿ ಮುಗಿದ ಮೇಲೆ ಪಕ್ಕದವರನ್ನು "ಏನಂದ್ರಿ ಹೆಸರು? ಸರಿಯಾಗಿ ಕೇಳಿಸ್ಲಿಲ್ಲ" ಅಂತ ಕೇಳಿಬಿಡಿ. ಆಗ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಅರ್ಧ ಗಂಟೆ ಹರಟೆ ಹೊಡೆದ ಮೇಲೆ ಕೇಳುವುದೇ ಕಷ್ಟ.

ಹೆಸರಿನ ಜೊತೆ ಊರನ್ನೂ ಕೇಳಿ. ನಮ್ಮಲ್ಲಿ ಹೇಗೂ ಕೇಳುವ ಪ್ರಶ್ನೆಯೇ ಅಲ್ವಾ. ಮಂಜುನಾಥರು ಬೇಕಾದಷ್ಟು ಜನ ಸಿಗುತ್ತಾರೆ, ತಿಪಟೂರಿನ ಮಂಜುನಾಥ ಅಂದರೆ ಆಗ ಬೇರೆ.

ಹೆಸರನ್ನು ಬಾಯಲ್ಲಿ ಆಡಿ

ನಮ್ಮ ದೊಡ್ಡ ತೊಂದರೆ 'ಸರ್', 'ಮೇಡಂ'. ಒಂದು ಗಂಟೆ ಮಾತಾಡಿದರೂ ಹೆಸರು ಒಮ್ಮೆಯೂ ಬಾಯಿಗೆ ಬಂದಿರುವುದಿಲ್ಲ, ಇನ್ನು ನೆನಪಲ್ಲಿ ನಿಲ್ಲುವುದು ಹೇಗೆ? ಸಮವಯಸ್ಕರಾದರೆ "ಸವಿತಾ ಅವರೇ, ಈ ಎಣ್ಣೆ ಎಷ್ಟು ತಿಂಗಳು ಇಡಬಹುದು?" ಅಂತ ಕೇಳಬಹುದು. ಹಿರಿಯರನ್ನು ಹಾಗೆ ಹೆಸರು ಹಿಡಿದು ಕರೆಯುವುದು ಸರಿಯೆನಿಸುವುದಿಲ್ಲ. ಅವರನ್ನು ಇನ್ನೊಬ್ಬರಿಗೆ ಪರಿಚಯ ಮಾಡಿಕೊಡಿ: "ಇವರು ರಂಗಪ್ಪನವರು, ಗುಬ್ಬಿ ಕಡೆಯವರು." ಹೆಸರು ಹೇಳಿದಂತಾಯಿತು, ಮರ್ಯಾದೆಯೂ ಉಳಿಯಿತು.

ಆಮೇಲೆ ಸ್ವಲ್ಪ ಬಿಟ್ಟು ಬಿಟ್ಟು ನೆನಪಿಸಿಕೊಳ್ಳಿ. ಮಳಿಗೆಯಿಂದ ಆಚೆ ಬಂದಾಗ ಒಮ್ಮೆ, ಊಟದ ಸಾಲಿನಲ್ಲಿ ಒಮ್ಮೆ, ಬಸ್ಸಿನಲ್ಲಿ ಒಮ್ಮೆ. ಫೋನ್ ನೋಡಿ ಓದುವುದಲ್ಲ, ಮುಖ ನೆನಪಿಸಿಕೊಂಡು ಹೆಸರನ್ನು ತಲೆಯಿಂದ ಎಳೆದು ತರಬೇಕು. ಬರದಿದ್ದರೆ ಆಗ ನೋಡಿ.

ನಂಬರ್ ತಗೊಳ್ಳುವಾಗ

"ಮಿಸ್ಡ್ ಕಾಲ್ ಕೊಡಿ, ಸೇವ್ ಮಾಡ್ಕೋತೀನಿ" ಅಂದವರು ಸೇವ್ ಮಾಡಿಕೊಳ್ಳುವುದು ಅಪರೂಪ. ಅಲ್ಲೇ ನಿಂತು ಸೇವ್ ಮಾಡಿ. ಹೆಸರಿನ ಜಾಗದಲ್ಲೇ ಊರು, ಕೆಲಸ, ಎಲ್ಲಿ ಸಿಕ್ಕಿದ್ದು ಎಲ್ಲ ಸೇರಿಸಿ: 'ಸವಿತಾ ತಿಪಟೂರು ಗಾಣ ಮೇಳ'. ಅವರು ಫೋನ್ ಮಾಡಿದಾಗ ಪರದೆ ಮೇಲೆ ಅದೇ ಕಾಣುತ್ತದೆ. ಅದೇ ಕಾರಣಕ್ಕೆ 'ಬೊಕ್ಕತಲೆ ಪೈಪ್' ಅಂತ ಸೇವ್ ಮಾಡಬೇಡಿ. ಮೇಜಿನ ಮೇಲಿಟ್ಟ ಫೋನನ್ನು ಅವರೇ ನೋಡುವ ದಿನ ಬರುತ್ತದೆ.

ಮನೆ ಸೇರುವ ಮೊದಲೇ ಬರೆಯಿರಿ

ಸಿಕ್ಕವರೆಲ್ಲರ ಬಗ್ಗೆ ಬರೆಯಲು ಹೊರಟರೆ ಯಾರ ಬಗ್ಗೆಯೂ ಬರೆಯುವುದಿಲ್ಲ. ಮತ್ತೆ ಮಾತಾಡಬೇಕಾದ ನಾಲ್ಕೈದು ಜನ ಸಾಕು. ಸವಿತಾ ಅಂತ ಒಬ್ಬರು ಸಿಕ್ಕರು ಅಂದುಕೊಳ್ಳಿ, ಅವರ ಟಿಪ್ಪಣಿ ಹೀಗಿರಬಹುದು:

*ಸವಿತಾ, ತಿಪಟೂರು. ಕೃಷಿ ಮೇಳ, ಶನಿವಾರ. ಭಾವನ ಸ್ನೇಹಿತರು ಪರಿಚಯ ಮಾಡಿಸಿದ್ದು. ಕೊಬ್ಬರಿ ಎಣ್ಣೆ, ಸ್ವಂತ ಗಾಣ. ಬಾಟಲಿ ಸೋರುತ್ತೆ ಅಂತ ಟಿನ್ ಹುಡುಕುತ್ತಿದ್ದಾರೆ. ಮಗಳು ಈ ಸಲ ಎಸ್ಸೆಸ್ಸೆಲ್ಸಿ. ನಾನು: ಲೇಬಲ್ ಪ್ರಿಂಟ್ ಮಾಡುವವರ ನಂಬರ್, ಸೋಮವಾರದೊಳಗೆ. ಅವರು: ಒಂದು ಲೀಟರ್ ಸ್ಯಾಂಪಲ್.*

ಇದರಲ್ಲಿ ಮುಖ್ಯವಾದದ್ದು ಕೊನೆಯ ಎರಡು ಮಾತು, ಯಾರು ಯಾರಿಗೆ ಏನು ಒಪ್ಪಿಕೊಂಡರು ಅನ್ನುವುದು. ಮೊದಲು ಮರೆತು ಹೋಗುವುದೂ ಅದೇ, ಅದರಲ್ಲೂ ನಾವು ಒಪ್ಪಿಕೊಂಡಿದ್ದು. 'ಟಿನ್ ಹುಡುಕುತ್ತಿದ್ದಾರೆ' ಅನ್ನುವುದೂ ಕೆಲಸಕ್ಕೆ ಬರುತ್ತದೆ, ಮುಂದಿನ ಸಲ ಮಾತು ಅಲ್ಲಿಂದಲೇ ಶುರು ಮಾಡಬಹುದು. 'ಒಳ್ಳೆಯವರು, ಚೆನ್ನಾಗಿ ಮಾತಾಡಿದರು' ಅಂತ ಬರೆದರೆ ಆರು ತಿಂಗಳ ಮೇಲೆ ಅದು ಯಾರಿಗೆ ಬೇಕಾದರೂ ಹೊಂದುತ್ತದೆ. ಗುರುತಿಗೆ ಹಸಿರು ಸೀರೆ ಅಂತ ಬರೆದರೂ ಅಷ್ಟೇ, ನಾಳೆ ಬೇರೆ ಸೀರೆ. ಸೀರೆ ಬದಲು ಎಡಗೈಯಲ್ಲಿ ಬರೆಯುತ್ತಾರೆ, ಮಾತಲ್ಲಿ ಮಂಗಳೂರಿನ ರಾಗ ಇದೆ, ಇಂಥವನ್ನು ಬರೆದಿಡಿ.

ಯಾರದೋ ಕಾಯಿಲೆ, ಮನೆಯ ಜಗಳ, ಸಾಲ, ಜಾತಿ ಇವನ್ನೆಲ್ಲ ಬರೆಯಲೇಬೇಡಿ. ಫೋನ್ ಮನೆಮಂದಿಯ ಕೈಗೆ ಹೋಗುತ್ತದೆ, ರಿಪೇರಿ ಅಂಗಡಿಗೂ ಹೋಗುತ್ತದೆ.

ಮರುದಿನ ಆ ನಾಲ್ಕೈದು ಜನಕ್ಕೆ ಒಂದು ಸಾಲು ಕಳಿಸಿ. ಸುಮ್ನೆ 'ಗುಡ್ ಮಾರ್ನಿಂಗ್' ಚಿತ್ರ ಬೇಡ. "ನಿನ್ನೆ ಮೇಳದಲ್ಲಿ ಟಿನ್ ಬಗ್ಗೆ ಮಾತಾಡಿದೆವಲ್ಲ, ನಾನು" ಅಂತ ನಿಮ್ಮ ಹೆಸರನ್ನೂ ಸೇರಿಸಿ, ಯಾಕೆಂದರೆ ಅವರೂ ನಿಮ್ಮ ಹೆಸರು ಮರೆತಿರುವ ಸಾಧ್ಯತೆ ಇದ್ದೇ ಇದೆ.