ಹೊಕ್ಕುಳಿನಿಂದ ಬಲಕ್ಕೆ ಜಾರಿದ ನೋವು

ತೀರ್ಥಹಳ್ಳಿ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು 17 ವರ್ಷದಿಂದ ಸ್ಟಾಫ್ ನರ್ಸ್. ಹೊಟ್ಟೆ ನೋವು ಅಂತ ಬರುವವರಲ್ಲಿ ಹೆಚ್ಚಿನವರು ಒಂದೆರಡು ದಿನದಲ್ಲಿ ಸರಿಹೋಗುತ್ತಾರೆ. ಹಾಗಾಗಿಯೇ ಸರಿಹೋಗದವರನ್ನು ಗುರುತಿಸುವುದು ಕಷ್ಟ. ಕಳೆದ ವರ್ಷ ಅದು ನನ್ನ ತಂಗಿಯ ಮನೆಯಲ್ಲೇ ಆಯಿತು.

ಭಾನುವಾರ ರಾತ್ರಿ 8 ಗಂಟೆಗೆ ತಂಗಿ ಫೋನ್ ಮಾಡಿದಳು. "ಅಕ್ಕಾ, ಇವನಿಗೆ ಸಂಜೆ 5 ಗಂಟೆಯಿಂದ ಹೊಟ್ಟೆ ನೋವು. ನಿನ್ನೆ ಮದುವೆ ಊಟದಲ್ಲಿ ಹೋಳಿಗೆ ಜಾಸ್ತಿ ತಿಂದಿದ್ದ. ಅತ್ತೆ ಹರಳೆಣ್ಣೆ ಕುಡಿಸೋಣ ಅಂತಿದಾರೆ." ಮಗನಿಗೆ 13 ವರ್ಷ.

ಹರಳೆಣ್ಣೆ ಬೇಡವೇ ಬೇಡ ಅಂದೆ. ಒಳಗೆ ಅಪೆಂಡಿಕ್ಸ್, ಅಂದರೆ ದೊಡ್ಡ ಕರುಳಿನ ಶುರುವಿಗೆ ಅಂಟಿಕೊಂಡ ಸಣ್ಣ ಬಾಲದಂಥ ಭಾಗ, ಊದಿಕೊಂಡಿದ್ದರೆ, ಭೇದಿ ಮಾಡಿಸಿ ಕರುಳನ್ನು ಜೋರಾಗಿ ಹಿಂಡಿಸಿದರೆ ಅದು ಒಡೆಯಬಹುದು. ಬಟ್ಟಿ ಬಿದ್ದಿದೆ ಅಂತ ಹೊಟ್ಟೆ ತಿಕ್ಕಿಸುವುದಕ್ಕೂ ಇದೇ ಮಾತು.

ಆಮೇಲೆ ಕೇಳಿದ್ದು, ನೋವು ಎಲ್ಲಿ ಅಂತ. ಅವನು ಅಂಗೈ ಅಗಲಿಸಿ ಹೊಕ್ಕುಳಿನ ಸುತ್ತ ಸವರಿ "ಇಲ್ಲೆಲ್ಲಾ" ಅಂದನಂತೆ. ವಾಂತಿ ಆಗಿತ್ತಾ? ಒಂದು ಸಲ, ನೋವು ಶುರುವಾದ ಎರಡು ಗಂಟೆಯ ಮೇಲೆ. ಇದನ್ನು ನಾನು ಬಿಡದೆ ಕೇಳುತ್ತೇನೆ. ಊಟ ಕೆಟ್ಟು ಆದ ತೊಂದರೆಯಲ್ಲಿ ಸಾಮಾನ್ಯವಾಗಿ ವಾಂತಿ ಮೊದಲು ಬರುತ್ತದೆ, ಇಲ್ಲವೇ ವಾಂತಿ, ಭೇದಿ, ನೋವು ಎಲ್ಲ ಒಟ್ಟಿಗೇ ಇರುತ್ತವೆ. ಅಪೆಂಡಿಕ್ಸ್‌ನಲ್ಲಿ ಹೆಚ್ಚಾಗಿ ನೋವು ಮೊದಲು, ವಾಂತಿ ಆಮೇಲೆ. ಇವನಿಗೆ ಭೇದಿ ಇರಲಿಲ್ಲ. ಜೊತೆಗೆ, ಎಂದೂ ಬೇಡ ಅನ್ನದ ಹುಡುಗ ಮೊಸರನ್ನದ ತಟ್ಟೆಯನ್ನೂ ಪಕ್ಕಕ್ಕೆ ತಳ್ಳಿದ್ದ.

ಇನ್ನೊಂದು ಪ್ರಶ್ನೆಗೆ ಫೋನ್ ಅವನ ಅಪ್ಪನ ಕೈಗೆ ಕೊಡಿಸಿದೆ. ಹುಡುಗನನ್ನು ಒಬ್ಬನನ್ನೇ ರೂಮಿಗೆ ಕರೆದುಕೊಂಡು ಹೋಗಿ, ಬೀಜದಲ್ಲಿ ನೋವೋ ಊತವೋ ಇದೆಯಾ ನೋಡಿ ಅಂದೆ. ಈ ವಯಸ್ಸಿನ ಹುಡುಗರಲ್ಲಿ ಬೀಜ ತಿರುಚಿಕೊಂಡರೂ ನೋವು ಕೆಳಹೊಟ್ಟೆಯಲ್ಲಿ ಕಾಣಿಸಬಹುದು. ಅಮ್ಮನ ಮುಂದೆ ನಾಚಿಕೆಯಿಂದ ಹೇಳುವುದಿಲ್ಲ. ಅದಾಗಿದ್ದರೆ ಬೆಳಗಿನವರೆಗೆ ಕಾಯುವ ಹಾಗೇ ಇಲ್ಲ. ಸುಮಾರು 6 ಗಂಟೆಯೊಳಗೆ ಆಪರೇಷನ್ ಆದರೆ ಬೀಜ ಉಳಿಯುವ ಸಾಧ್ಯತೆ ಜಾಸ್ತಿ. ಇವನಿಗೆ ಅಲ್ಲಿ ಏನೂ ಇರಲಿಲ್ಲ.

ಆ ಹೊತ್ತಿಗೆ ಹೊಟ್ಟೆ ಮೆತ್ತಗಿತ್ತು, ಜ್ವರ ಇರಲಿಲ್ಲ, ಎದ್ದು ಓಡಾಡುತ್ತಿದ್ದ. ಒಂದೊಂದೇ ಗುಟುಕು ನೀರು ಕೊಡು, ಬೇರೇನೂ ಬೇಡ ಅಂದೆ. ನೋವು ಜಾಗ ಬದಲಿಸಿದರೆ, ಅಥವಾ ಬೆರಳಿಟ್ಟು ತೋರಿಸುವ ಹಾಗಾದರೆ, ಅಥವಾ ಬಗ್ಗಿ ನಡೆಯಲು ಶುರು ಮಾಡಿದರೆ ಎಷ್ಟು ಹೊತ್ತಾದರೂ ಸರಿ, ಫೋನ್ ಮಾಡು ಅಂದೆ.

ಬೆಳಗಿನ ಜಾವ 5 ಗಂಟೆಗೆ ಫೋನ್ ಬಂತು. ನಾನು ಅವರ ಮನೆ ಸೇರುವಾಗ 6 ಗಂಟೆ. ಹುಡುಗ ಬಲಗಾಲು ಮಡಚಿಕೊಂಡು ಮಲಗಿದ್ದ. ಎಲ್ಲಿ ನೋವು ಅಂದರೆ ಅಂಗೈ ಅಗಲಿಸಲಿಲ್ಲ, ಒಂದೇ ಬೆರಳಿಟ್ಟ. ಬಲಗಡೆ ಸೊಂಟದ ಮುಂದಿನ ಎಲುಬಿನ ತುದಿಯಿಂದ ಹೊಕ್ಕುಳಿಗೆ ಒಂದು ಗೆರೆ ಎಳೆದುಕೊಳ್ಳಿ. ಎಲುಬಿನಿಂದ ಆ ಗೆರೆಯ ಮೂರರಲ್ಲಿ ಒಂದು ಪಾಲು ಬಂದರೆ ಸಿಗುವ ಜಾಗ ಅದು.

ಹೀಗೆ ನೋವು ಜಾರಲು ಕಾರಣ ಇದೆ. ಮೊದಲು ಅಪೆಂಡಿಕ್ಸ್ ಒಳಗೊಳಗೇ ಊದುತ್ತದೆ. ಕರುಳಿನ ನರಗಳಿಗೆ ಸರಿಯಾದ ಜಾಗ ಹೇಳಲು ಬರುವುದಿಲ್ಲ, ಹೊಕ್ಕುಳ ಸುತ್ತ ಏನೋ ಸಂಕಟ ಅನ್ನಿಸುತ್ತದೆ ಅಷ್ಟೇ. ಊತ ಹೊಟ್ಟೆಯ ಒಳಪೊರೆಗೆ ತಾಗಿದ ಮೇಲೆ ನೋವು ಒಂದೇ ಕಡೆ ನಿಲ್ಲುತ್ತದೆ. ಆ ಪೊರೆ ಅಲುಗಾಡಿದರೂ ನೋವು.

ಅದಕ್ಕೇ ಮುಟ್ಟುವ ಮೊದಲು "ಒಂದು ಸಲ ಕೆಮ್ಮು ಪುಟ್ಟಾ" ಅಂದೆ. ಅರ್ಧ ಕೆಮ್ಮಿಗೇ ಅವನ ಕೈ ಬಲಗಡೆಗೆ ಹೋಯಿತು. ಎದ್ದು ನಿಂತು ಬಲಗಾಲಲ್ಲಿ ಒಂದು ಸಲ ಕುಪ್ಪಳಿಸು ಅಂದರೆ ತಲೆ ಅಲ್ಲಾಡಿಸಿಬಿಟ್ಟ. ಆಮೇಲೆ ಎಡಗಡೆಯಿಂದ ಮೆಲ್ಲಗೆ ಒತ್ತುತ್ತಾ ಬಂದೆ. ಎಡಗಡೆ ಒತ್ತಿದರೆ ಬಲಗಡೆ ನೋಯುತ್ತದೆ ಅಂದ. ಅಷ್ಟು ಸಾಕಿತ್ತು. ಮತ್ತೆ ಮತ್ತೆ ಒತ್ತಿ ನೋಡಬಾರದು. ಜ್ವರ 100 ಡಿಗ್ರಿ ಇತ್ತು. ಅಪೆಂಡಿಕ್ಸ್‌ನಲ್ಲಿ ಶುರುವಿಗೇ ಜೋರು ಜ್ವರ ಬರಬೇಕು ಅಂತೇನಿಲ್ಲ.

ತಂಗಿಗೆ ಆಗಲೂ ಅನುಮಾನ. "ರಾತ್ರಿಗಿಂತ ಈಗ ಅಳು ಕಮ್ಮಿ ಅಲ್ವಾ ಅಕ್ಕಾ?" ಅಂದಳು. ಆ ಮಾತು ಕೇಳಿ ನನ್ನ ಎದೆ ಝಲ್ಲೆಂದಿತು. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಒಬ್ಬ ಅಡಿಕೆ ಕೊಯ್ಯುವ ಹುಡುಗ ಬಂದಿದ್ದ. ಎರಡು ದಿನ ನೋವಿತ್ತು, ಮಧ್ಯಾಹ್ನದಿಂದ ಹಗುರವಾಗಿದೆ ಅಂದ. ನಾಡಿ ನಿಮಿಷಕ್ಕೆ 120 ಇತ್ತು. ಜ್ವರಕ್ಕೆ ಇರಬಹುದು ಅಂದುಕೊಂಡು, ಹಗುರ ಅನ್ನುವ ಮಾತನ್ನೇ ನಂಬಿ ಮನೆಗೆ ಕಳಿಸಿದೆ. ರಾತ್ರಿ ಅವನನ್ನು ಹೊತ್ತುಕೊಂಡು ಬಂದರು. ಹೊಟ್ಟೆ ಹಲಗೆಯ ಹಾಗೆ ಗಟ್ಟಿ, ಎಲ್ಲಿ ಮುಟ್ಟಿದರೂ ನೋವು, ಮೈಯೆಲ್ಲ ತಣ್ಣನೆ ಬೆವರು. ಊದಿದ ಅಪೆಂಡಿಕ್ಸ್ ಒಡೆದಾಗ ಒಳಗಿನ ಒತ್ತಡ ಇಳಿದು ಕೆಲವು ಗಂಟೆ ಆರಾಮ ಅನ್ನಿಸಬಹುದು. ಅಷ್ಟರಲ್ಲಿ ಕೀವು ಹೊಟ್ಟೆಯೊಳಗೆ ಹರಡುತ್ತಿರುತ್ತದೆ. ಅವನು ಬದುಕಿದ, ಆದರೆ ವಾರಗಟ್ಟಲೆ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಅಂದಿನಿಂದ ನೋವು ಇಳಿಯಿತು ಅಂದವರನ್ನು ನಾನು ಹೀಗೆ ನೋಡುತ್ತೇನೆ: ಹಸಿವು ಬಂತಾ, ನೆಟ್ಟಗೆ ನಡೆಯುತ್ತಾರಾ, ನಾಡಿ ಇಳಿದಿದೆಯಾ. ನೋವು ಇಳಿದರೂ ಈ ಮೂರರಲ್ಲಿ ಒಂದು ಸರಿಯಾಗದಿದ್ದರೂ ಮನೆಗೆ ಕಳಿಸುವುದಿಲ್ಲ.

ಇದೇ ಜಾಡು ಎಲ್ಲರಲ್ಲೂ ಕಾಣುವುದಿಲ್ಲ. ತೀರಾ ಚಿಕ್ಕ ಮಕ್ಕಳು, ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಬಸುರಿಯರು ಇವರಲ್ಲಿ ನೋವು ಬೇರೆ ಕಡೆ ಇರಬಹುದು, ಮಂದವಾಗಿಯೂ ಇರಬಹುದು. ಇವರಿಗೆ ಬಿಡದೆ ನೋವಿದ್ದರೆ ನಾನು ಲಕ್ಷಣ ಪೂರ್ತಿ ಕಾಣಲಿ ಅಂತ ಕಾಯುವುದಿಲ್ಲ. ಮುಟ್ಟು ತಪ್ಪಿದ ಹೆಣ್ಣುಮಗಳಿಗೆ ಕೆಳಹೊಟ್ಟೆ ನೋವು ಬಂದು ತಲೆ ಸುತ್ತಿದರೆ ಗರ್ಭ ನಾಳದಲ್ಲಿ ನಿಂತು ಒಳಗೆ ರಕ್ತ ಸೋರುತ್ತಿರಬಹುದು. 50 ದಾಟಿದವರು ಮೇಲುಹೊಟ್ಟೆಯಲ್ಲಿ ಗ್ಯಾಸು ಅಂತ ಬೆವರಿದರೆ ಮೊದಲು ಇಸಿಜಿ ಆಗಬೇಕು. ಈ ಎರಡರಲ್ಲೂ ನಾನು ಆಗಿಂದಾಗ 108ಕ್ಕೆ ಫೋನ್ ಮಾಡುತ್ತೇನೆ.

ಅವತ್ತು ಭಾವ ಬೈಕ್ ತೆಗೆಯಲು ಹೊರಟಿದ್ದರು. ಬೇಡ ಅಂದೆ, ಪಕ್ಕದ ಮನೆಯ ಕಾರು ಕೇಳಿದೆವು. ದಾರಿಯ ಒಂದೊಂದು ಗುಂಡಿಗೂ ಹುಡುಗ ನನ್ನ ಸೆರಗು ಹಿಡಿದುಕೊಳ್ಳುತ್ತಿದ್ದ. ಆಪರೇಷನ್ ಆಗಬಹುದು ಅನ್ನಿಸಿದ್ದರಿಂದ ಹೊರಡುವಾಗಿಂದ ನೀರನ್ನೂ ಕೊಡಲಿಲ್ಲ. ತಂಗಿ ಅಷ್ಟು ಹೊತ್ತಿಗೆ ಹಾಲು ಕಾಯಿಸಿ ಲೋಟಕ್ಕೆ ಹಾಕಿದ್ದಳು, ಅದನ್ನು ಅಲ್ಲೇ ಬಿಡಿಸಿದೆ. ಒಂದು ಚೀಟಿಯಲ್ಲಿ ಬರೆದುಕೊಂಡೆ: ನೋವು ಶುರು ಭಾನುವಾರ ಸಂಜೆ 5, ವಾಂತಿ 7, ಬಲಕ್ಕೆ ಬಂದಿದ್ದು ಬೆಳಗ್ಗೆ 5ಕ್ಕೆ ಮೊದಲು, ಕೊನೆಯ ಗುಟುಕು ನೀರು 5.30, ಮಾತ್ರೆ ಏನೂ ಕೊಟ್ಟಿಲ್ಲ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡಿದರು. ಅಪೆಂಡಿಕ್ಸ್ ಸರಿಯಾಗಿ ಕಾಣಲಿಲ್ಲ. ಸ್ಕ್ಯಾನಿಂಗ್‌ನಲ್ಲಿ ಎಷ್ಟೋ ಸಲ ಹೀಗಾಗುತ್ತದೆ, ಕಾಣಲಿಲ್ಲ ಅಂದರೆ ಇಲ್ಲ ಅಂತಲ್ಲ. ಸರ್ಜನ್ ಚೀಟಿ ಓದಿ, ಹೊಟ್ಟೆ ಮುಟ್ಟಿ, ರಕ್ತದ ರಿಪೋರ್ಟ್ ನೋಡಿ ಆಪರೇಷನ್ ಮಾಡೋಣ ಅಂದರು. ಅರಿವಳಿಕೆ ಡಾಕ್ಟರ್ ಬಂದವರೇ ಕೇಳಿದ್ದು, ಕೊನೆಗೆ ಬಾಯಿಗೆ ಹಾಕಿದ್ದು ಎಷ್ಟು ಹೊತ್ತಿಗೆ ಅಂತ. ಮಧ್ಯಾಹ್ನ 1 ಗಂಟೆಗೆ ಒಳಗೆ ಕರೆದುಕೊಂಡು ಹೋದರು. ಅಪೆಂಡಿಕ್ಸ್ ಊದಿ ಕೀವು ತುಂಬಿತ್ತು, ಒಡೆದಿರಲಿಲ್ಲ. ಬುಧವಾರ ಅವನು ಮನೆಗೆ ಬಂದ.